ನಿರುದ್ಯೋಗ ಶೇ 1 ಏರಿದರೆ ಜಿಡಿಪಿ ಶೇ 14 ಕುಸಿಯುತ್ತದೆಯೇ?

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವನು, ಎಂ.ಎ. ಅರ್ಥಶಾಸ್ತ್ರದ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್‌ಗೆ ನಿರುದ್ಯೋಗಕ್ಕೂ ಜಿಡಿಪಿಗೂ ಇರುವ ನಂಟು ಹೇಳುವ ಓಕುನ್ ನಿಯಮ ತಗೊಂಡಿದ್ದೇನೆ. ಅಮೆರಿಕದ 1948ರಿಂದ 2019ರವರೆಗಿನ ತ್ರೈಮಾಸಿಕ ಅಂಕಿ ಹಾಕಿ ರಿಗ್ರೆಷನ್ ಮಾಡಿದೆ. ನಿರುದ್ಯೋಗದ ಬದಲಾವಣೆ = 0.23 − 0.07 × ಬೆಳವಣಿಗೆ ಅಂತ ಬಂತು. ಪುಸ್ತಕದಲ್ಲಿ 0.30 ಅಂತಿದೆ. ಇನ್ನು 1ನ್ನು 0.07ರಿಂದ ಭಾಗಿಸಿದರೆ 14 ಬರುತ್ತದೆ. ಅಂದರೆ ನಿರುದ್ಯೋಗ ಶೇ 1 ಜಾಸ್ತಿಯಾದರೆ ಔಟ್‌ಪುಟ್ ಗ್ಯಾಪ್ ಶೇ 14 ಆಗುತ್ತದೆಯೇ? ಇದನ್ನೇ ಭಾರತಕ್ಕೂ ಮಾಡು ಅಂತ ಗೈಡ್ ಹೇಳಿದ್ದಾರೆ. ಎಲ್ಲಿ ತಪ್ಪಿದ್ದೇನೆ?

ಉತ್ತರ:

ರಿಗ್ರೆಷನ್ ತಪ್ಪಿಲ್ಲ. ಅದನ್ನು ಓದುವಾಗ ತಪ್ಪಿದ್ದೀರಿ. 14 ನೋಡಿ ಗಾಬರಿಯಾಗಿ ಕೇಳಿದ್ದು ಒಳ್ಳೆಯದಾಯಿತು, ಯಾಕಂದ್ರೆ ಅದೇ 14ನ್ನು ಹಾಗೇ ಟೇಬಲ್‌ಗೆ ಹಾಕಿ ಸಹಿ ಮಾಡಿಸಿಕೊಂಡು ಹೋದ ಪ್ರಾಜೆಕ್ಟ್‌ಗಳನ್ನೂ ನಾನು ನೋಡಿದ್ದೇನೆ. ಈ 14 ಮೊದಲು 3.5 ಆಗುತ್ತದೆ, ಆಮೇಲೆ ಹತ್ತಿರ ಹತ್ತಿರ 2 ಆಗುತ್ತದೆ. ಒಂದೊಂದೇ ಮೆಟ್ಟಿಲು ಇಳಿಯೋಣ.

ಮೊದಲು 0.07 ಮತ್ತು 0.30ರ ಜಗಳ. ಅಮೆರಿಕದವರಿಗೆ ಒಂದು ರೂಢಿ ಇದೆ. ಮೂರು ತಿಂಗಳ ಬೆಳವಣಿಗೆಯನ್ನು ವರ್ಷದ ಲೆಕ್ಕಕ್ಕೆ ಹಿಗ್ಗಿಸಿ ಹೇಳುತ್ತಾರೆ. ಈ ತ್ರೈಮಾಸಿಕದಲ್ಲಿ ಜಿಡಿಪಿ ಶೇ 1 ಬೆಳೆದಿದ್ದರೆ "ಇದೇ ವೇಗದಲ್ಲಿ ವರ್ಷವಿಡೀ ನಡೆದರೆ ಸುಮಾರು ಶೇ 4" ಅಂತ ಬರೆಯುತ್ತಾರೆ. ನೀವು ಡೌನ್‌ಲೋಡ್ ಮಾಡಿಕೊಂಡ ಬೆಳವಣಿಗೆಯ ಅಂಕಿ ಆ ಹಿಗ್ಗಿಸಿದ ದರ. ನಿರುದ್ಯೋಗದ ಬದಲಾವಣೆ ಮಾತ್ರ ಮೂರೇ ತಿಂಗಳದ್ದು. ಎಡಗಡೆ ಕಾಲು ವರ್ಷ, ಬಲಗಡೆ ಪೂರ್ತಿ ವರ್ಷ. ಹಾಗಾಗಿ ಗುಣಾಂಕ ನಾಲ್ಕು ಪಟ್ಟು ಸಣ್ಣದಾಗಿ ಕಾಣುತ್ತದೆ. 0.07ನ್ನು 4ರಿಂದ ಗುಣಿಸಿ, 0.28 ಬರುತ್ತದೆ. ಪುಸ್ತಕದ 0.30 ಇದೇ.

ಆರ್ಥರ್ ಓಕುನ್ 1962ರಲ್ಲಿ ಬರೆದದ್ದು ಹಿಗ್ಗಿಸದ ಲೆಕ್ಕ. 1947ರ ಎರಡನೇ ತ್ರೈಮಾಸಿಕದಿಂದ 1960ರ ಕೊನೆಯವರೆಗಿನ ಅಂಕಿ ಹಾಕಿದ್ದರು. ಬಂದದ್ದು: ನಿರುದ್ಯೋಗದ ಬದಲಾವಣೆ = 0.30 − 0.30 × ಮೂರು ತಿಂಗಳ ಬೆಳವಣಿಗೆ. ಆಗ ಜಿಡಿಪಿ ಅಲ್ಲ, ಜಿಎನ್‌ಪಿ. ಅದು ಈಗ ನಮಗೆ ಮುಖ್ಯ ಅಲ್ಲ. ಅರವತ್ತು ವರ್ಷ ಜಾಸ್ತಿ ಅಂಕಿ ಸೇರಿಸಿದರೂ ನಿಮಗೆ 0.28 ಬಂದಿದೆ ಅಂದ್ರೆ ಇಳಿಜಾರು ಬಹಳ ಅಲುಗಾಡಿಲ್ಲ ಅಂತ ಅರ್ಥ. ಅಲುಗಾಡಿದ್ದು ಬೇರೆ ಅಂಕಿ, ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟಾದ ಮೇಲೆ 14ರ ಅರ್ಥ ತಾನೇ ಬಿಚ್ಚಿಕೊಳ್ಳುತ್ತದೆ. ಒಂದು ತ್ರೈಮಾಸಿಕ ಮಾತ್ರ ವರ್ಷದ ಲೆಕ್ಕದಲ್ಲಿ ಶೇ 14 ಕಡಿಮೆ ಬೆಳೆದರೆ ಜಿಡಿಪಿಯ ಮಟ್ಟ ನಿಜವಾಗಿ ಇಳಿಯುವುದು ಅದರ ಕಾಲು ಭಾಗ, ಸುಮಾರು ಶೇ 3.5. ಗ್ಯಾಪ್ ಅಂದರೆ ಪೂರ್ಣ ಶಕ್ತಿಯಲ್ಲಿ ಓಡಿದ್ದರೆ ಆಗಬಹುದಾಗಿದ್ದ ಜಿಡಿಪಿಗಿಂತ ನಿಜದ್ದು ಎಷ್ಟು ಹಿಂದಿದೆ ಅನ್ನುವುದು. ಅದು ಮಟ್ಟದ ಮಾತು, ವೇಗದ ಮಾತಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸು ನವನಗರದ ಹತ್ತಿರ ಐದು ನಿಮಿಷ ತೀರಾ ನಿಧಾನ ಆದರೆ ಅದು ಎಷ್ಟು ಕಿಲೋಮೀಟರ್ ಹಿಂದೆ ಬಿತ್ತು ಅನ್ನುವುದು ಗ್ಯಾಪ್. ಆ ಐದು ನಿಮಿಷ ಸ್ಪೀಡೋಮೀಟರ್ ಎಷ್ಟು ತೋರಿಸುತ್ತಿತ್ತು ಅನ್ನುವುದು ನಿಮ್ಮ 14.

ಈಗ 3.5 ಇದೆ. ಆದರೆ ಇದನ್ನೂ ನಂಬಬೇಡಿ.

ನಿಮ್ಮ ರಿಗ್ರೆಷನ್ ಕೇಳಿದ ಪ್ರಶ್ನೆ ಏನು? "ಬೆಳವಣಿಗೆ ಇಷ್ಟು ಅಂತ ಗೊತ್ತಿದ್ದರೆ ನಿರುದ್ಯೋಗ ಸರಾಸರಿ ಎಷ್ಟು ಬದಲಾಗುತ್ತದೆ?" ಗ್ಯಾಪ್ ಲೆಕ್ಕ ಹಾಕುವಾಗ ನೀವು ಕೇಳುವುದು ಇದರ ತಿರುವು: "ನಿರುದ್ಯೋಗ ಇಷ್ಟು ಅಂತ ಗೊತ್ತಿದ್ದರೆ ಜಿಡಿಪಿ ಎಷ್ಟು?" ಚುಕ್ಕೆಗಳೆಲ್ಲ ಒಂದೇ ಗೆರೆಯ ಮೇಲೆ ಕೂತಿದ್ದರೆ ಎರಡಕ್ಕೂ ಒಂದೇ ಉತ್ತರ, ಸುಮ್ನೆ ತಲೆಕೆಳಗು ಮಾಡಿದರೆ ಸಾಕು. ಚುಕ್ಕೆಗಳು ಚದುರಿದ್ದರೆ ಗೆರೆ ಎರಡಾಗುತ್ತದೆ, ಕತ್ತರಿ ಬಾಯಿ ತೆರೆದ ಹಾಗೆ. ಚದುರುವಿಕೆ ಜಾಸ್ತಿ ಆದಷ್ಟೂ ಕತ್ತರಿ ಅಗಲ.

ಓಕುನ್ ಅವರ ಅಂಕಿಯಲ್ಲೇ ನೋಡಿ. ಅವರ ಸಹಸಂಬಂಧ 0.79. ಅದರ ವರ್ಗ 0.62. 0.30ನ್ನು ತಲೆಕೆಳಗು ಮಾಡಿದರೆ 3.3. ಅದೇ ಅಂಕಿಗಳ ಮೇಲೆ ಬೆಳವಣಿಗೆಯನ್ನು ಎಡಗಡೆ ಇಟ್ಟು ರಿಗ್ರೆಷನ್ ಓಡಿಸಿದ್ದರೆ ಬರುತ್ತಿದ್ದದ್ದು 0.62 ಭಾಗಿಸು 0.30, ಅಂದರೆ ಸುಮಾರು 2.1. ಒಂದೇ ಡೇಟಾ, ಒಂದೇ ಮಧ್ಯಾಹ್ನ, ಒಂದು ಕಡೆಯಿಂದ 3.3, ಇನ್ನೊಂದು ಕಡೆಯಿಂದ 2.1. ಪ್ಲಾಸರ್ ಮತ್ತು ಶ್ವೆರ್ಟ್ ಅನ್ನುವ ಇಬ್ಬರು 1979ರಲ್ಲಿ ಇದೇ ಕಾರಣಕ್ಕೆ ಓಕುನ್ ಲೆಕ್ಕದ ಮೇಲೆ ತಕರಾರು ತೆಗೆದಿದ್ದರು. ನನ್ನ ಮಟ್ಟಿಗೆ ಆ ತಕರಾರು ಸರಿ. ಆದರೂ ಪಠ್ಯಪುಸ್ತಕಗಳಲ್ಲಿ "ಒಂದಕ್ಕೆ ಮೂರು" ಅನ್ನುವುದು ಬಹಳ ದಿನ ಕೂತುಬಿಟ್ಟಿತು.

ಇನ್ನೊಂದು ದಾರಿಯಿಂದಲೂ ನಾವು 2ರ ಹತ್ತಿರಕ್ಕೇ ಬರುತ್ತೇವೆ. ಅದು ತಡ. ಆರ್ಡರ್ ಕಡಿಮೆಯಾದ ತ್ರೈಮಾಸಿಕದಲ್ಲೇ ಜನರನ್ನು ಕೆಲಸದಿಂದ ತೆಗೆಯುವುದಿಲ್ಲ. ಇದನ್ನು ಸೂತ್ರದಲ್ಲಿ ಹೇಳುವುದಕ್ಕಿಂತ ನಾನು ಕಣ್ಣಾರೆ ಕಂಡದ್ದನ್ನು ಹೇಳಿದರೆ ಬೇಗ ಅರ್ಥವಾದೀತು.

ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನನ್ನ ಗೆಳೆಯರೊಬ್ಬರ ವರ್ಕ್‌ಶಾಪ್ ಇದೆ. ನಾಲ್ಕು ಲೇತು, ಒಂದು ಮಿಲ್ಲಿಂಗ್ ಮಷೀನು, ಹನ್ನೆರಡು ಜನ. ವಾಲ್ವ್ ಕಂಪನಿಗಳಿಗೆ ಜಾಬ್ ವರ್ಕ್ ಮಾಡುತ್ತಾರೆ. ಒಂದು ಸಲ ಆರ್ಡರ್ ಹತ್ತಿರ ಹತ್ತಿರ ಕಾಲು ಭಾಗ ಬಿತ್ತು. ಮೊದಲು ನಿಂತದ್ದು ಓಟಿ. ಆಮೇಲೆ ಸಂಜೆಯ ಎರಡನೇ ಶಿಫ್ಟು. ಆಮೇಲೆ ವಾರಕ್ಕೆ ಐದೇ ದಿನ ಕೆಲಸ. ಟರ್ನರ್‌ಗಳು ಮಷೀನು ಒರೆಸುತ್ತಾ, ಹಳೆ ಫಿಕ್ಸ್ಚರ್ ಸರಿ ಮಾಡುತ್ತಾ ದಿನ ಕಳೆದರು. "ಯಾಕ್ರೀ, ಇಬ್ಬರನ್ನ ಬಿಡಬಾರದಾ?" ಅಂತ ಕೇಳಿದೆ. "ಬಿಟ್ರ ಮತ್ತ ಸಿಗಂಗಿಲ್ಲ್ರೀ. ಆರ್ಡರ್ ಬಂದಾಗ ಹೊಸಬನ್ನ ತಂದು ಕಲಸ್ಕೋತ ಕುಂದ್ರಲಿ?" ಅಂದರು. ಐದಾರು ತಿಂಗಳಾದ ಮೇಲೂ ಆರ್ಡರ್ ಬರಲಿಲ್ಲ. ಆಗ ಇಬ್ಬರು ಹೆಲ್ಪರ್‌ಗಳಿಗೆ "ಸ್ವಲ್ಪ ದಿನ ಊರಿಗೆ ಹೋಗಿ ಬರ್ರಿ" ಅಂದರು. ಟರ್ನರ್‌ಗಳು ಉಳಿದರು.

ಇಲ್ಲಿ ಎರಡು ವಿಷಯ ಇವೆ. ಉತ್ಪಾದನೆ ಕಾಲು ಭಾಗ ಬಿದ್ದರೂ ಕೆಲಸ ಕಳೆದುಕೊಂಡದ್ದು ಹನ್ನೆರಡರಲ್ಲಿ ಇಬ್ಬರು, ಆರನೇ ಒಂದು ಭಾಗ. ಉಳಿದ ಪೆಟ್ಟನ್ನು ಓಟಿ, ಕಡಿಮೆ ದಿನ, ಸುಮ್ಮನೆ ನಿಂತ ಕೈಗಳು ತಿಂದುಕೊಂಡವು. ಒಂದಕ್ಕೆ ಒಂದು ಅಲ್ಲದೆ ಒಂದಕ್ಕೆ ಎರಡೋ ಮೂರೋ ಆಗುವುದು ಇದರಿಂದಲೇ. ಓಕುನ್ ಕೊಟ್ಟ ಕಾರಣಗಳೂ ಇವೇ: ಕೆಲಸದ ಗಂಟೆ, ತಲಾ ಉತ್ಪಾದನೆ, ಜೊತೆಗೆ ಕೆಲಸ ಹುಡುಕುವುದನ್ನೇ ಬಿಟ್ಟು ಲೆಕ್ಕದಿಂದ ಹೊರಗೆ ಹೋಗುವವರು. ಎರಡನೆಯದು, ಇಬ್ಬರು ಹೊರಬಿದ್ದದ್ದು ಎರಡು ತ್ರೈಮಾಸಿಕ ತಡವಾಗಿ. ನೀವು ಅದೇ ತ್ರೈಮಾಸಿಕದ ಬೆಳವಣಿಗೆಯನ್ನು ಮಾತ್ರ ಬಲಗಡೆ ಇಟ್ಟಿದ್ದೀರಿ. ಹಾಗಾಗಿ ತಡವಾಗಿ ಬಂದ ಪೆಟ್ಟು ನಿಮ್ಮ ಗುಣಾಂಕದಲ್ಲಿ ಸಿಕ್ಕಿಲ್ಲ.

ಹಿಂದಿನ ಎರಡು ತ್ರೈಮಾಸಿಕಗಳನ್ನೂ ಸೇರಿಸಿ ಓಡಿಸಿ. ಆರ್ ಬಳಸುತ್ತಿದ್ದರೆ ಹೀಗೆ. `unrate` ತಿಂಗಳ ಸರಣಿ, `gdp` ತ್ರೈಮಾಸಿಕ ಸರಣಿ, ಎರಡೂ `ts` ರೂಪದಲ್ಲಿರಲಿ:

```
u  <- aggregate(unrate, nfrequency = 4, FUN = mean)
du <- diff(u)
g  <- 100 * diff(log(gdp))
d  <- ts.intersect(du, g, g1 = stats::lag(g, -1),
                   g2 = stats::lag(g, -2), dframe = TRUE)
summary(lm(du ~ g + g1 + g2, data = d))
```

ಇಲ್ಲಿ `g` ಹಿಗ್ಗಿಸದ ಮೂರು ತಿಂಗಳ ದರ. ನಿರುದ್ಯೋಗಕ್ಕೆ ಮೂರು ತಿಂಗಳ ಸರಾಸರಿ ತಗೊಂಡಿದ್ದೇನೆ. ಕೊನೆಯ ತಿಂಗಳ ಅಂಕಿ ಒಂದನ್ನೇ ಎತ್ತಿಕೊಂಡರೆ ಗದ್ದಲ ಜಾಸ್ತಿ, ಜಿಡಿಪಿ ಮೂರು ತಿಂಗಳ ಮೊತ್ತ ಆಗಿರುವುದರಿಂದ ಹೊಂದುವುದೂ ಇಲ್ಲ. ಮೂರೂ ಗುಣಾಂಕಗಳನ್ನು ಕೂಡಿಸಿ. ಅಮೆರಿಕದ ಅಂಕಿಗೆ ಆ ಮೊತ್ತ ಸಾಮಾನ್ಯವಾಗಿ 0.4ರಿಂದ 0.5ರ ನಡುವೆ ಬರುತ್ತದೆ. ತಲೆಕೆಳಗು ಮಾಡಿದರೆ 2ರಿಂದ 2.5. ವಾರ್ಷಿಕ ಅಂಕಿ ಹಾಕಿದರೂ ಸುಮಾರು ಇಷ್ಟೇ, ಯಾಕಂದ್ರೆ ವರ್ಷದೊಳಗೆ ಆ ತಡ ಕರಗಿಹೋಗುತ್ತದೆ. ನಿಮ್ಮ 14 ಈಗ 2ರ ಆಸುಪಾಸಿಗೆ ಬಂತು.

ಸರಿ, ಅನುಪಾತ ಸಿಕ್ಕಿತು. ಗ್ಯಾಪ್ ಸಿಕ್ಕಿತೇ? ಇಲ್ಲ. ಬಹಳ ಜನ ಜಾರುವುದು ಇಲ್ಲೇ.

ನಿಮ್ಮ ಸಮೀಕರಣದಲ್ಲಿ ಇರುವುದು ಬದಲಾವಣೆಗಳು. ಅದು ಗ್ಯಾಪ್ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಅಂತ ಹೇಳಬಲ್ಲದು. ಗ್ಯಾಪ್ ಎಷ್ಟಿದೆ ಅಂತ ಹೇಳಲಾರದು. ಅದಕ್ಕೆ ಒಂದು ಗೂಟ ಬೇಕು: ಆರ್ಥಿಕತೆ ತನ್ನ ಪೂರ್ಣ ಶಕ್ತಿಯಲ್ಲಿ ಓಡುವಾಗ ನಿರುದ್ಯೋಗ ಎಷ್ಟಿರುತ್ತದೆ? ಆ ಅಂಕಿ ಯಾವ ಸರ್ವೆಯಲ್ಲೂ ಸಿಗುವುದಿಲ್ಲ.

ಓಕುನ್ ಶೇ 4 ಅಂತ ಇಟ್ಟುಕೊಂಡರು. ಕೆನಡಿ ಕಾಲದ ಅಧ್ಯಕ್ಷರ ಆರ್ಥಿಕ ಸಲಹೆಗಾರರ ಮಂಡಳಿಯಲ್ಲಿ ಅವರು ಕೆಲಸ ಮಾಡುತ್ತಿದ್ದರು, ಅಲ್ಲಿ ಇಟ್ಟುಕೊಂಡಿದ್ದ ಗುರಿ ಅದು. ಅದು ಲೆಕ್ಕದಿಂದ ಹೊರಬಂದ ಅಂಕಿ ಅಲ್ಲ, ತೀರ್ಮಾನ. ಅನುಪಾತದಲ್ಲೂ ಸ್ವಲ್ಪ ತೀರ್ಮಾನ ಇತ್ತು ಅನ್ನಿ. ಬದಲಾವಣೆಯ ಲೆಕ್ಕದಿಂದ 3.3 ಬಂದಿತ್ತು. ಗ್ಯಾಪ್ ಅನ್ನೇ ಬಲಗಡೆ ಇಟ್ಟ ಇನ್ನೊಂದು ಲೆಕ್ಕದಿಂದ 0.36, ಅಂದರೆ 2.8 ಬಂದಿತ್ತು. ಕೊನೆಗೆ ಅವರು 3.2 ಅಂತ ಹಿಡಿದರು.

1961ರಲ್ಲಿ ಅಮೆರಿಕದ ನಿರುದ್ಯೋಗ ಸರಾಸರಿ ಶೇ 6.7. ನಾಲ್ಕು ಕಳೆದರೆ 2.7. ಅದನ್ನು 3.2ರಿಂದ ಗುಣಿಸಿದರೆ ಗ್ಯಾಪ್ ಶೇ 8.6. ದೇಶ ಮಾಡಬಹುದಾದಷ್ಟು ಮಾಡುತ್ತಿಲ್ಲ, ತೆರಿಗೆ ಇಳಿಸಿ, ಖರ್ಚು ಏರಿಸಿ ಅನ್ನುವ ವಾದಕ್ಕೆ ಇಂಥ ಲೆಕ್ಕ ಬೆನ್ನೆಲುಬಾಯಿತು. 1964ರಲ್ಲಿ ತೆರಿಗೆ ಇಳಿಯಿತು ಕೂಡ. ಈಗ ಅದೇ ವರ್ಷಕ್ಕೆ ಗೂಟವನ್ನು ಶೇ 5ಕ್ಕೆ ಹಾಕಿ, ಅನುಪಾತ 2 ಅಂತ ಇಟ್ಟುಕೊಳ್ಳಿ. 1.7 × 2, ಶೇ 3.4. ಗ್ಯಾಪ್ ಅರ್ಧಕ್ಕಿಂತಲೂ ಕಡಿಮೆ ಆಯಿತು. ಡೇಟಾದಲ್ಲಿ ಒಂದಂಕಿಯನ್ನೂ ನಾವು ಮುಟ್ಟಿಲ್ಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಗ್ಯಾಪ್ ಅಂತ ಒಂದೇ ಅಂಕಿ ಬರೆಯುವ ಬದಲು ಎರಡು ಮೂರು ಗೂಟಗಳಿಗೆ ಎರಡು ಮೂರು ಅಂಕಿ ಬರೆಯಿರಿ ಅನ್ನುವುದು ಇದಕ್ಕೇ.

"ಗೂಟದ ಗೊಡವೆ ಬೇಡ, ಒಂದು ವರ್ಷ ಗ್ಯಾಪ್ ಸೊನ್ನೆ ಅಂತ ಹಿಡಿದು ಅಲ್ಲಿಂದ ಬದಲಾವಣೆಗಳನ್ನು ಕೂಡಿಸುತ್ತಾ ಹೋದರೆ?" ಅಂತ ನೀವು ಕೇಳಬಹುದು. ಜಾಣ ಪ್ರಶ್ನೆ, ಆದರೆ ಕೈಕೊಡುತ್ತದೆ. ಯಾಕೆ ಅಂತ ನಿಮ್ಮ 0.23 ಹೇಳುತ್ತದೆ. ನೀವು ಅದರ ಬಗ್ಗೆ ಒಂದಕ್ಷರವೂ ಕೇಳಿಲ್ಲ, ನನಗೆ ಮಾತ್ರ ಈ ಇಡೀ ಸಮೀಕರಣದಲ್ಲಿ ಹೆಚ್ಚು ತಲೆ ಕೆಡಿಸುವ ಅಂಕಿ ಅದೇ.

0.23ನ್ನು 0.07ರಿಂದ ಭಾಗಿಸಿ. 3.3. ಅಂದರೆ ಆರ್ಥಿಕತೆ ವರ್ಷಕ್ಕೆ ಶೇ 3.3 ಬೆಳೆದರೆ ನಿರುದ್ಯೋಗ ಇದ್ದಲ್ಲೇ ಇರುತ್ತದೆ. ಯಾಕೆ ಸೊನ್ನೆ ಅಲ್ಲ? ಪ್ರತಿ ವರ್ಷ ಹೊಸ ಹುಡುಗರು ಕೆಲಸ ಹುಡುಕಿಕೊಂಡು ಬರುತ್ತಾರೆ, ಇದ್ದವರೂ ಹೋದ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಮಾಡುತ್ತಾರೆ. ಇವೆರಡನ್ನೂ ನುಂಗುವಷ್ಟು ಬೆಳೆದರೆ ಮಾತ್ರ ನಿರುದ್ಯೋಗ ಏರುವುದಿಲ್ಲ. ಆದ್ದರಿಂದ ಈ 3.3 ಒಂದು ಲೆಕ್ಕದಲ್ಲಿ ಪೂರ್ಣ ಶಕ್ತಿಯ ಬೆಳವಣಿಗೆಯ ದರ. ಓಕುನ್ ಕಾಲದಲ್ಲಿ ಅದು 0.30 ಭಾಗಿಸು 0.30, ತ್ರೈಮಾಸಿಕಕ್ಕೆ 1, ವರ್ಷಕ್ಕೆ ಸುಮಾರು 4. ಅಲುಗಾಡಿದ್ದು ಇದು ಅಂದೆನಲ್ಲ, ಇಲ್ಲಿದೆ ನೋಡಿ.

ನಿಮ್ಮ 3.3 ಎಪ್ಪತ್ತು ವರ್ಷದ ಸರಾಸರಿ. 1950ರ ದಶಕಕ್ಕೆ ಕಡಿಮೆ, 2010ರ ದಶಕಕ್ಕೆ ಜಾಸ್ತಿ. ಪರೀಕ್ಷೆ ಮಾಡಿಯೇ ನೋಡೋಣ. 2010ರಲ್ಲಿ ಅಮೆರಿಕದ ನಿರುದ್ಯೋಗ ಸರಾಸರಿ ಶೇ 9.6. 2019ರಲ್ಲಿ ಶೇ 3.7. ನಡುವೆ 36 ತ್ರೈಮಾಸಿಕ. ಆ ಅವಧಿಯಲ್ಲಿ ಬೆಳವಣಿಗೆ ವರ್ಷಕ್ಕೆ ಸುಮಾರು ಶೇ 2.3. ನಿಮ್ಮ ಸಮೀಕರಣಕ್ಕೆ ಹಾಕಿ: 0.23 − 0.07 × 2.3, ಅಂದರೆ ಪ್ರತಿ ತ್ರೈಮಾಸಿಕ ನಿರುದ್ಯೋಗ 0.07 ಏರಬೇಕು. 36 ಸಲ ಕೂಡಿದರೆ 2.5. ಸಮೀಕರಣದ ಪ್ರಕಾರ 2019ಕ್ಕೆ ನಿರುದ್ಯೋಗ ಶೇ 12 ಆಗಿರಬೇಕಿತ್ತು. ಆದದ್ದು 3.7!

ಇಳಿಜಾರು ಕೆಟ್ಟಿರಲಿಲ್ಲ. ಗೆರೆ ಇಡೀ ಕೆಳಗೆ ಸರಿದಿತ್ತು. ಅಲ್ಲಿನ ಹಿಂದಿನ ತಲೆಮಾರು ನಿವೃತ್ತಿಯಾಗುತ್ತಿತ್ತು, ಕೆಲಸ ಹುಡುಕಿ ಬರುವವರ ಸಂಖ್ಯೆ ಮೊದಲಿನಷ್ಟು ಬೆಳೆಯುತ್ತಿರಲಿಲ್ಲ, ತಲಾ ಉತ್ಪಾದನೆಯ ಏರಿಕೆಯೂ ನಿಧಾನ. ನಿರುದ್ಯೋಗ ಸ್ಥಿರವಾಗಿಡಲು 3.3 ಬೇಕಿರಲಿಲ್ಲ, 2ಕ್ಕಿಂತ ಕಡಿಮೆ ಸಾಕಾಗಿತ್ತು. ಒಂದು ತ್ರೈಮಾಸಿಕದಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕೂಡಿಸುತ್ತಾ ಹೋದರೆ ಒಂಬತ್ತು ವರ್ಷಕ್ಕೆ ಬೆಟ್ಟವಾಗುತ್ತದೆ, ಅದನ್ನು 2ರಿಂದ ಗುಣಿಸಿ ಗ್ಯಾಪ್ ಅಂದರೆ ಬೆಟ್ಟದ ಮೇಲೆ ಬೆಟ್ಟ. ಇದು ನಿಮ್ಮ ಡೇಟಾದಲ್ಲೂ ಇದೆಯೇ ಅಂತ ಗೊತ್ತಾಗಬೇಕಿದ್ದರೆ ರಿಗ್ರೆಷನ್‌ನ ಉಳಿಕೆಗಳನ್ನು, ಅಂದರೆ ನಿಜ ಅಂಕಿ ಮತ್ತು ಗೆರೆಯ ವ್ಯತ್ಯಾಸಗಳನ್ನು, ವರ್ಷದ ಪ್ರಕಾರ ಕೂಡಿಸಿ ಪ್ಲಾಟ್ ಮಾಡಿ. ಅದು ಸೊನ್ನೆಯ ಸುತ್ತ ಅಡ್ಡಾಡದೆ ವರ್ಷಗಟ್ಟಲೆ ಒಂದೇ ಕಡೆ ಜಾರುತ್ತಿದ್ದರೆ ಸ್ಥಿರಾಂಕ ಬದಲಾಗಿದೆ. ಆಗ ಹತ್ತು ಹದಿನೈದು ವರ್ಷದ ಕಿಟಕಿ ಇಟ್ಟುಕೊಂಡು ಅದನ್ನು ಸರಿಸುತ್ತಾ ಮತ್ತೆ ಮತ್ತೆ ಅಂದಾಜು ಮಾಡಿ.

ಇನ್ನು ನಿಮ್ಮ ಗೈಡ್ ಹೇಳಿದ ಮಾತು: ಭಾರತಕ್ಕೆ ಮಾಡು. ಮಾಡಿ, ಆದರೆ ಏನು ಸಿಗುವುದಿಲ್ಲ ಅಂತ ಮೊದಲೇ ಗೊತ್ತಿರಲಿ.

ಅಂಕಿ ಎಲ್ಲಿಂದ? ಕೇಂದ್ರ ಸರ್ಕಾರದ ಉದ್ಯೋಗದ ಸರ್ವೆ ಪಿಎಲ್‌ಎಫ್‌ಎಸ್‌ನಿಂದ. 2017ರಲ್ಲಿ ಶುರುವಾಯಿತು. ತ್ರೈಮಾಸಿಕ ನಿರುದ್ಯೋಗ ದರ 2018ರಿಂದ ಸಿಗುತ್ತದೆ, ಅದೂ 2025ರ ಆರಂಭದವರೆಗೆ ನಗರಗಳದ್ದು ಮಾತ್ರ. ಆಮೇಲೆ ಹಳ್ಳಿಯೂ ಸೇರಿತು, ವಿಧಾನವೂ ಬದಲಾಯಿತು, ಹಾಗಾಗಿ ಹಳೆಯದರ ಬಾಲಕ್ಕೆ ಹೊಸದನ್ನು ಅಂಟಿಸಬೇಡಿ. ಅಂದರೆ ನಿಮ್ಮ ಕೈಯಲ್ಲಿರುವುದು ಮೂವತ್ತಕ್ಕೂ ಕಡಿಮೆ ಚುಕ್ಕೆ. ಜಿಡಿಪಿ ಇಡೀ ದೇಶದ್ದು, ಹೊಲ ಗದ್ದೆ ಎಲ್ಲ ಸೇರಿ. ನಿರುದ್ಯೋಗ ಪೇಟೆಯದ್ದು. ಇದು ಮೊದಲನೇ ತೊಡಕು.

ಎರಡನೆಯದು ಹಂಗಾಮು. ಅಮೆರಿಕದ ಅಂಕಿ ಹಂಗಾಮಿನ ಏರಿಳಿತ ತೆಗೆದು ಬರುತ್ತದೆ. ನಮ್ಮ ಜಿಡಿಪಿ ಹಾಗೆ ಬರುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯನ್ನು ಫೆಬ್ರವರಿಯಲ್ಲಿ ನೋಡಿದ್ದೀರಲ್ಲ, ಚೀಲ ಇಡಲು ಜಾಗ ಇರುವುದಿಲ್ಲ, ಹಮಾಲರಿಗೆ ಪುರುಸೊತ್ತಿಲ್ಲ, ಗಾಳಿಯಲ್ಲೇ ಘಾಟು. ಜೂನ್ ಕೊನೆಗೆ ಹೋಗಿ ನೋಡಿ. ಜನವರಿ-ಮಾರ್ಚ್‌ನಿಂದ ಏಪ್ರಿಲ್-ಜೂನ್‌ಗೆ ಆದ ಆ ಬದಲಾವಣೆಯನ್ನು ಮಂದಿ ಹಿಂಜರಿತ ಅನ್ನುವುದಿಲ್ಲ, ಹಂಗಾಮು ಮುಗೀತು ಅನ್ನುತ್ತಾರೆ. ನಿಮ್ಮ ರಿಗ್ರೆಷನ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸುಲಭದ ದಾರಿ ಅಂದರೆ ಹೋದ ವರ್ಷದ ಇದೇ ತ್ರೈಮಾಸಿಕಕ್ಕೆ ಹೋಲಿಸುವುದು. ಹಾಗೆ ಮಾಡುವುದಾದರೆ ಎರಡೂ ಕಡೆ ಹಾಗೇ ಮಾಡಿ. ಜಿಡಿಪಿಗೆ ವರ್ಷದ ಹೋಲಿಕೆ, ನಿರುದ್ಯೋಗಕ್ಕೆ ಮಾತ್ರ ಹಿಂದಿನ ತ್ರೈಮಾಸಿಕದ ಹೋಲಿಕೆ ಹಾಕಿದರೆ ನಿಮ್ಮ 0.07ರ ಕಥೆ ಇನ್ನೊಂದು ವೇಷದಲ್ಲಿ ವಾಪಸ್ ಬರುತ್ತದೆ. ಮತ್ತೊಂದು: ವರ್ಷದ ಹೋಲಿಕೆಯಲ್ಲಿ ಅಕ್ಕಪಕ್ಕದ ಚುಕ್ಕೆಗಳು ಮೂರು ತ್ರೈಮಾಸಿಕವನ್ನು ಹಂಚಿಕೊಂಡಿರುತ್ತವೆ, ಆದ್ದರಿಂದ ಸಾಮಾನ್ಯ ಸ್ಟ್ಯಾಂಡರ್ಡ್ ಎರರ್ ತೀರಾ ಸಣ್ಣದಾಗಿ ತೋರಿಸುತ್ತದೆ. ಅದನ್ನು ಸರಿಪಡಿಸುವ ನ್ಯೂವಿ-ವೆಸ್ಟ್ ಎರರ್ ಹಾಕಿ.

ಮೂರನೆಯದು ದೊಡ್ಡದು. 2020ರ ಏಪ್ರಿಲ್-ಜೂನ್, ಲಾಕ್‌ಡೌನ್. ನಗರ ನಿರುದ್ಯೋಗ ಸುಮಾರು ಶೇ 21ಕ್ಕೆ ಹಾರಿತು. ಹಿಂದಿನ ವರ್ಷ ಅದೇ ಅವಧಿಯಲ್ಲಿ ಶೇ 9ರ ಹತ್ತಿರ ಇತ್ತು. ಏರಿಕೆ 12. ಜಿಡಿಪಿ ಶೇ 24ರಷ್ಟು ಕುಸಿಯಿತು. ಮರು ವರ್ಷ ನಿರುದ್ಯೋಗ 12.6ಕ್ಕೆ ಇಳಿಯಿತು, ಜಿಡಿಪಿ ಶೇ 20ರಷ್ಟು ಏರಿತು. ಈ ಎರಡು ಚುಕ್ಕೆಗಳ ನಡುವೆ ಗೆರೆ ಎಳೆದರೆ ಇಳಿಜಾರು 0.45ರ ಆಸುಪಾಸು ಬರುತ್ತದೆ, ಅಮೆರಿಕದ್ದೇ ಅಚ್ಚು! ಆರ್ ವರ್ಗವೂ ಚೆನ್ನಾಗಿ ಕಾಣುತ್ತದೆ, ಗೈಡ್ ಖುಷಿ ಪಡುತ್ತಾರೆ. ಆದರೆ ಅದು ಓಕುನ್ ನಿಯಮ ಅಲ್ಲ. ಅಂಗಡಿ ಬಾಗಿಲು ಹಾಕಿ ಅಂದಾಗ ಮಾಲೂ ಹೋಗಲಿಲ್ಲ, ಕೆಲಸದವನೂ ಬರಲಿಲ್ಲ, ಅಷ್ಟೇ.

ಆ ಚುಕ್ಕೆಗಳನ್ನು ಬಿಟ್ಟು ನೋಡಿ. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ನಾಲ್ಕು ತ್ರೈಮಾಸಿಕಗಳ ನಗರ ನಿರುದ್ಯೋಗ: 6.6, 6.6, 6.5, 6.7. ಆಗಿನ ಅಂದಾಜಿನ ಪ್ರಕಾರ ಆ ವರ್ಷ ಜಿಡಿಪಿ ಶೇ 8ಕ್ಕಿಂತ ಜಾಸ್ತಿ ಬೆಳೆದಿತ್ತು. 2024ರ ಜುಲೈ-ಸೆಪ್ಟೆಂಬರ್‌ನಲ್ಲಿ ಬೆಳವಣಿಗೆ ಮೊದಲ ಅಂದಾಜಿನಲ್ಲಿ 5.4ಕ್ಕೆ ಇಳಿಯಿತು, ಪತ್ರಿಕೆಗಳೆಲ್ಲ ಅದನ್ನೇ ಬರೆದವು. ನಿಯಮದ ಪ್ರಕಾರ ನಿರುದ್ಯೋಗ ಏರಬೇಕು. ಅದು 6.4ಕ್ಕೆ ಇಳಿದಿತ್ತು.

ಯಾಕೆ ಹೀಗೆ? ನನ್ನ ಗೆಳೆಯರ ವರ್ಕ್‌ಶಾಪಿಗೆ ವಾಪಸ್ ಹೋಗೋಣ. ಊರಿಗೆ ಕಳಿಸಿದ ಇಬ್ಬರು ಹೆಲ್ಪರ್‌ಗಳಲ್ಲಿ ಒಬ್ಬ ಕುಂದಗೋಳದ ಕಡೆಯವನು. ಅಪ್ಪನ ಜೊತೆ ಹೊಲಕ್ಕೆ ಹೋಗತೊಡಗಿದ. ಇನ್ನೊಬ್ಬ ಹಳೇ ಹುಬ್ಬಳ್ಳಿಯಲ್ಲಿ ಅಣ್ಣನ ಪಂಕ್ಚರ್ ಅಂಗಡಿಯಲ್ಲಿ ಕೂತ. ಸರ್ವೆಯವರು ಬಂದು ಕಳೆದ ಏಳು ದಿನದ ಬಗ್ಗೆ ಕೇಳುತ್ತಾರೆ. ಯಾವುದಾದರೂ ಒಂದು ದಿನ ಒಂದು ತಾಸು ಕೆಲಸ ಮಾಡಿದ್ದರೂ ಅವನು ಉದ್ಯೋಗಿ. ಮನೆಯ ಹೊಲ, ಮನೆಯ ಅಂಗಡಿ, ಸಂಬಳ ಇಲ್ಲದಿದ್ದರೂ ಪರವಾಗಿಲ್ಲ. ಹಾಗಾಗಿ ಇಬ್ಬರೂ ನಿರುದ್ಯೋಗಿಗಳಲ್ಲ! ಅಮೆರಿಕದಲ್ಲಿ ನಿರುದ್ಯೋಗ ಭತ್ಯೆ ಸಿಗುತ್ತದೆ, ಮನೆಯಲ್ಲಿ ಕೂತು ಕೆಲಸ ಹುಡುಕಬಹುದು. ಇಲ್ಲಿ ಹಾಗೆ ಕೂರಲು ಯಾರಿಗೆ ಸಾಧ್ಯ? ಪೆಟ್ಟು ಬೀಳುವುದು ಗಳಿಕೆಯ ಮೇಲೆ, ದಿನಗಳ ಮೇಲೆ, ಕೆಲಸದ ಬಗೆಯ ಮೇಲೆ. ನಿರುದ್ಯೋಗ ದರ ಅದನ್ನು ಕಾಣುವುದಿಲ್ಲ.

ಅದಕ್ಕೇ ಭಾರತದ ಗ್ಯಾಪ್ ಅನ್ನು ನಿರುದ್ಯೋಗದಿಂದ ತೆಗೆಯಲು ಹೋಗಬೇಡಿ. ಗುಣಾಂಕ ಸೊನ್ನೆಯ ಹತ್ತಿರ ಇದ್ದಾಗ ಅದನ್ನು ತಲೆಕೆಳಗು ಮಾಡಿದರೆ ಮತ್ತೆ 14, ಕೆಲವೊಮ್ಮೆ 140 ಬರುತ್ತದೆ. ರಿಸರ್ವ್ ಬ್ಯಾಂಕ್ ಕಾರ್ಖಾನೆಗಳ ಸಾಮರ್ಥ್ಯ ಬಳಕೆಯ ಸರ್ವೆಯನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತದೆ. ಒಬಿಕಸ್ ಅಂತ ಹೆಸರು. ಮಷೀನು ಎಷ್ಟು ಹೊತ್ತು ಸುಮ್ನೆ ನಿಂತಿದೆ ಅನ್ನುವುದಕ್ಕೆ ಅದು ಹತ್ತಿರದ ಅಳತೆ, ನನ್ನ ಗೆಳೆಯರ ಎರಡನೇ ಶಿಫ್ಟು ನಿಂತರೆ ಅಂಥದ್ದರಲ್ಲಿ ಮೊದಲು ಕಾಣುತ್ತದೆ. ಅದು ಕಾರ್ಖಾನೆಗಳದ್ದು ಮಾತ್ರ ಅನ್ನುವ ಮಿತಿ ಇದ್ದೇ ಇದೆ. ಜಿಡಿಪಿಯ ದೀರ್ಘಕಾಲದ ಓಟವನ್ನು ಬೇರ್ಪಡಿಸುವ ಎಚ್‌ಪಿ ಫಿಲ್ಟರ್ ಹಾಕಿ ಗ್ಯಾಪ್ ತೆಗೆದು, ಆ ಗ್ಯಾಪ್‌ನಿಂದ ಓಕುನ್ ಗುಣಾಂಕ ತೆಗೆದು, ಆ ಗುಣಾಂಕದಿಂದ ಮತ್ತೆ ಗ್ಯಾಪ್ ತೆಗೆಯುವವರೂ ಇದ್ದಾರೆ. ಅದು ತನ್ನ ಬಾಲ ತಾನೇ ಹಿಡಿಯುವ ಆಟ, ಆ ಕಡೆ ಹೋಗಬೇಡಿ.

ಪ್ರಾಜೆಕ್ಟ್‌ಗೆ ನಾನಾಗಿದ್ದರೆ ಅಮೆರಿಕದ ಅಧ್ಯಾಯವನ್ನು ಹಿಂದಿನ ಎರಡು ತ್ರೈಮಾಸಿಕ ಸೇರಿಸಿ, ಎರಡೂ ದಿಕ್ಕಿನಿಂದ ಓಡಿಸಿ, ಸರಿಯುವ ಕಿಟಕಿಯ ಪ್ಲಾಟ್ ಹಾಕಿ ಮುಗಿಸುತ್ತಿದ್ದೆ. ಭಾರತದ ಅಧ್ಯಾಯದಲ್ಲಿ ಒಂದೇ ಟೇಬಲ್: 2020 ಮತ್ತು 2021ರ ಚುಕ್ಕೆ ಸೇರಿಸಿದಾಗ ಇಳಿಜಾರು ಎಷ್ಟು, ತೆಗೆದಾಗ ಎಷ್ಟು. ಗೈಡ್ "ಭಾರತಕ್ಕೆ ಗ್ಯಾಪ್ ಎಲ್ಲಿ?" ಅಂತ ಕೇಳಿದರೆ ಆ ಎರಡು ಅಂಕಿಗಳನ್ನು ತೋರಿಸಿ. ಪ್ಲಾಟ್ ಆದ ಮೇಲೆ ನನಗೂ ಒಂದು ಕಳಿಸಿ, ಕಿಟಕಿ ಹತ್ತು ವರ್ಷದ್ದೋ ಹದಿನೈದರದ್ದೋ ಅಂತ ಮೂಲೆಯಲ್ಲಿ ಬರೆದಿರಿ.